ಔಷಧಿ ಅಂಗಡಿಯ ಕೌಂಟರ್‌ನಲ್ಲಿ ಮೂರು ಕನ್ನಡ

ನನ್ನೂರು ಕುಂದಾಪುರದ ಕಡೆ. ಕೆಲಸ ಬಾಗಲಕೋಟೆಯಲ್ಲಿ, ಒಂದು ಔಷಧಿ ಅಂಗಡಿಯಲ್ಲಿ. ಜೊತೆಗಿರುವ ಹುಡುಗ ಮೈಸೂರಿನವನು. ಬರುವ ಗಿರಾಕಿಗಳು ಬೀಳಗಿ, ಬಾದಾಮಿ, ಹುನಗುಂದದ ಕಡೆಯವರು. ಊರಿಗೆ ಹೋದಾಗಲೆಲ್ಲ "ಅಲ್ಲಿಯವರ ಕನ್ನಡ ನಿಂಗೆ ತಿಳೀತದಾ?" ಅಂತ ಕೇಳುತ್ತಾರೆ. ತಿಳಿಯದ ಪದದಿಂದ ಏನೂ ತೊಂದರೆ ಇಲ್ಲ. ತಿಳಿಯಲಿಲ್ಲ ಅಂತ ನಮಗೇ ಗೊತ್ತಾಗುತ್ತದೆ, ತಿರುಗಿ ಕೇಳುತ್ತೇವೆ, ಮುಗಿಯಿತು. ಕಾಟ ಕೊಡುವುದು ನಾವು ಹುಟ್ಟಿದಾಗಿನಿಂದ ಬಳಸುತ್ತಿರುವ ಪದಗಳು.

ಮೊದಲಿಗೆ ಒಂದು ಸುಲಭದ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಹೊಸದು ಅಂತ ಕೇಳಿಸುವ ಪದಗಳಲ್ಲಿ ತುಂಬಾ ಪದಗಳು ಹೊಸವೇ ಅಲ್ಲ, ಉಚ್ಚಾರ ಬೇರೆ ಅಷ್ಟೇ. ಕೊನೆಯ ಎಕಾರ ಇಕಾರ ಆಗುತ್ತದೆ: ಹೊಟ್ಟೆ ಹೊಟ್ಟಿ, ತಲೆ ತಲಿ. ಶುರುವಿನ ಏಕಾರ ಅಗಲ ಆಗುತ್ತದೆ: ಬೇಡ ಬ್ಯಾಡ, ಮೇಲೆ ಮ್ಯಾಲೆ. ಇದನ್ನು ಕಿವಿ ಹಿಡಿದುಕೊಂಡರೆ "ತಲಿ ಬ್ಯಾನಿ" ಅಂದಾಗ ಬೇನೆ ಅಂತ ತಾನೇ ಹೊಳೆಯುತ್ತದೆ. ಆದರೆ ಮೈಸೂರಿನ ಹುಡುಗನ ಕಿವಿಯಲ್ಲಿ ಬೇನೆ ಅಂದರೆ ಹೆರಿಗೆ ಬೇನೆ, ಬೇರೆಲ್ಲ ನೋವು. ಹಾಗಾಗಿ ಮೀಸೆ ಬಿಟ್ಟ ಗಂಡಸರು ಬಂದು "ಭಾಳ ಬ್ಯಾನಿರಿ" ಅಂದಾಗ ಅವನಿಗೆ ನಗು ತಡೆಯಲು ಆಗುತ್ತಿರಲಿಲ್ಲ.

ಇನ್ನು ನಿಜವಾಗಿ ಬೇರೆಯಾದ ಪದಗಳು. ಮಾತ್ರೆ ಇಲ್ಲಿ ಗುಳಗಿ, ಆಸ್ಪತ್ರೆ ದವಾಖಾನಿ, ಸೊಂಟ ಟೊಂಕ, ತಲೆ ಸುತ್ತಿದರೆ ಚಕ್ಕರ್. ಇವನ್ನು ಕೇಳಿ ಕೇಳಿ ಕಲಿತೆವು. ಸುಮ್ನೆ ಒಂದು ಮಾತು: ಕರಾವಳಿಯವರಿಗೆ ಇಲ್ಲಿ ಅಷ್ಟೇನೂ ಪರದೇಶ ಅಲ್ಲ. ಮೈ ಊದಿಕೊಂಡರೆ ನಾವೂ ಬಾವು ಅಂತೀವಿ, ಇವರೂ ಬಾವು ಅಂತಾರೆ, ಊತ ಅನ್ನುವವನು ಮೈಸೂರಿನವನು ಮಾತ್ರ. ಕುಡಿಯುವುದು ನಮ್ಮಲ್ಲೂ ಚಾ, ಇಲ್ಲೂ ಚಾ.

ಈಗ ಕಾಟದ ಪದಗಳಿಗೆ ಬರೋಣ. ಬೀಳಗಿ ಕಡೆಯ ಒಬ್ಬ ಹೆಂಗಸು ಬಂದು "ರಾತ್ರಿಯಿಂದ ಹೊಟ್ಟಿ ಭಾಳ ಕಡಿಯಾಕತ್ತೈತ್ರಿ ಅಣ್ಣಾರ" ಅಂದರು. ಮೈಸೂರಿನ ಹುಡುಗ ಆಗಲೇ ಕಡಿತದ ಮುಲಾಮಿನ ಟ್ಯೂಬ್ ತೆಗೆದಿದ್ದ. ಅವನ ತಪ್ಪಲ್ಲ ಬಿಡಿ, ಅವನೂರಲ್ಲಿ ಕಡಿತ ಅಂದರೆ ಚರ್ಮ ತುರಿಸುವುದೇ. ನಾನು ಕೇಳಿದ್ದು ಇಷ್ಟೇ: "ಎಲ್ಲಿರಿ ಅಕ್ಕಾರ, ಹೆಂಗ ಆಗ್ತೈತಿ, ಕೈಲಿ ತೋರಸ್ರಿ." ಅವರು ಅಂಗೈ ಅಗಲಿಸಿ ಹೊಕ್ಕುಳದ ಕೆಳಗೆ ಒತ್ತಿ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿದರು. ತುರಿಕೆ ಇದ್ದವರ ಕೈ ಹಾಗೆ ಹೋಗುವುದಿಲ್ಲ, ಉಗುರು ಹೋಗುತ್ತದೆ. ಅಂಗೈ ಒತ್ತಿದರೆ ನುಲಿಯುವ ನೋವು. "ಜುಲಾಬ್ ಆಗ್ಯಾವೇನ್ರಿ?" ಅಂದೆ. "ಹೌದ್ರಿ, ನಾಕ ಸಲ ಹೋಗಿ ಬಂದೆ" ಅಂದರು. ರಕ್ತ ಇಲ್ಲ, ಜ್ವರ ಇಲ್ಲ ಅಂತ ಕೇಳಿಕೊಂಡು ಓಆರ್‌ಎಸ್ ಕೊಟ್ಟೆವು. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು, ಅರ್ಧರ್ಧ ಮಾಡಬಾರದು, ನಿಲ್ಲದಿದ್ದರೆ ದವಾಖಾನಿಗೆ ಹೋಗಬೇಕು ಅಂತ ಹೇಳಿ ಕಳಿಸಿದೆವು. ಮುಲಾಮಿನ ಟ್ಯೂಬ್ ಕಪಾಟಿಗೆ ವಾಪಸ್ ಹೋಯಿತು.

ಅವತ್ತಿನಿಂದ ಅಂಗಡಿಯಲ್ಲಿ ಒಂದು ಪದ್ಧತಿ. ನೋವಿನ ಹೆಸರು ಏನೇ ಇರಲಿ, ಮೊದಲು ಕೈ ನೋಡು.

ತಮಾಷೆ ಅಂದರೆ ಇದರ ತಿರುಗುಮುರುಗು ಕೂಡ ಉಂಟು. ಮೈಸೂರಿನವರ ಕಡಿತಕ್ಕೆ ಇಲ್ಲಿನ ಹಳೆಯ ತಲೆಗಳು ಹೇಳುವ ಪದ ತಿಂಡಿ! "ಮೈ ತುಂಬ ತಿಂಡಿ ಬಿಟ್ಟೈತಿ" ಅಂದರೆ ಮೈಯೆಲ್ಲ ತುರಿಕೆ. ಸುಮ್ಮನೆ ಜಗಳ ತೆಗೆಯುವವನಿಗೆ "ತಿಂಡಿ ಐತೇನು ನಿನಗ?" ಅನ್ನುವುದೂ ಇದೇ ತಿಂಡಿ. ನಮ್ಮ ಹುಡುಗ ಒಬ್ಬ ವಯಸ್ಸಾದವರಿಗೆ "ತಿಂಡಿ ಆದ್ಮೇಲೆ ಒಂದು ತಗೊಳ್ಳಿ" ಅಂದಾಗ ಅವರು ಗಂಭೀರವಾಗಿ "ನನಗ ತಿಂಡಿ ಇಲ್ಲೋ ತಮ್ಮಾ, ಬರೀ ಮಣಕಾಲ ಬ್ಯಾನಿ" ಅಂದರು. ಟೀವಿ ನೋಡುವ ಹುಡುಗರಿಗೆಲ್ಲ ತಿಂಡಿ ಅಂದರೆ ನಾಷ್ಟಾ ಅಂತ ಗೊತ್ತು. ಆದರೆ ಮಣಕಾಲ ನೋವಿನ ಗುಳಗಿ ಒಯ್ಯುವವರು ಹುಡುಗರಲ್ಲವಲ್ಲ.

ಹಾಗಂತ ತಿಂಡಿ ಬಿಟ್ಟು ನಾಷ್ಟಾ ಅಂದುಬಿಟ್ಟರೆ ಮುಗಿಯುವುದಿಲ್ಲ. ಹೊಲದ ಕೆಲಸದವರು ಮುಂಜಾನೆ ರೊಟ್ಟಿ ಪಲ್ಲೆ ತಿಂದು ಹೋಗುತ್ತಾರೆ, ಅದನ್ನು ಊಟ ಅಂತಲೇ ಕರೆಯುತ್ತಾರೆ. ನಮ್ಮ ಕರಾವಳಿಯಲ್ಲಿ "ಚಾ ಆಯ್ತಾ?" ಅಂದರೆ ಅದರೊಳಗೆ ದೋಸೆಯೂ ಬಂತು. ಇಲ್ಲಿ ಚಾ ಅಂದರೆ ಬರೀ ಚಾ, ಎದ್ದ ಕೂಡಲೇ. ಥೈರಾಯ್ಡ್ ಗುಳಗಿ ಕೊಡುವಾಗ ಇದು ಮುಖ್ಯ. ಅದನ್ನು ಬರಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಚಾ ಕೂಡ ಕುಡಿಯಬಾರದು, ಇಲ್ಲದಿದ್ದರೆ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. "ಊಟದ ಮೊದಲು" ಅಂತ ಬರೆದುಕೊಟ್ಟರೆ ಚಾ ಕುಡಿದು, ಹೊಲಕ್ಕೆ ಹೋಗುವ ಮುಂಚೆ ರೊಟ್ಟಿಗೆ ಕೂತಾಗ ನುಂಗುತ್ತಾರೆ. ಅವರ ಪ್ರಕಾರ ಅದು ಬರೋಬ್ಬರಿನೇ, ಹೇಳಿದ ಹಾಗೇ ಮಾಡಿದ್ದಾರೆ. ಅದಕ್ಕೆ ನಾನೀಗ ತಿಂಡಿ, ಊಟ ಎರಡೂ ಬಿಟ್ಟು "ಮುಂಜಾನೆ ಎದ್ದ ಮ್ಯಾಲೆ ಮೊದಲು ಬಾಯಾಗ ಏನ ಹಾಕ್ತೀರಿ?" ಅಂತ ಕೇಳುತ್ತೇನೆ. ಅವರು ಏನು ಹೇಳುತ್ತಾರೋ ಅದಕ್ಕೂ ಮುಂಚೆ ಗುಳಗಿ. ಕೊನೆಗೆ "ಹೆಂಗ ತಗೋತೀರಿ, ನೀವ ಹೇಳ್ರಿ ನೋಡೂಣು" ಅಂತ ಅವರ ಬಾಯಿಂದಲೇ ಹೇಳಿಸುತ್ತೇನೆ. "ತಿಳೀತಾ?" ಅಂತ ಕೇಳುವುದು ದಂಡ. ಎಲ್ಲರೂ "ಹ್ಞೂಂರಿ" ಅಂತಾರೆ.

ನೆಂಟಸ್ತಿಕೆಯ ಪದಗಳಲ್ಲೂ ಎಚ್ಚರ ಬೇಕು. ಹುಡುಗ ಬಂದು "ಅಮ್ಮಗ ಕೆಮ್ಮಿನ ಔಷಧ ಕೊಡ್ರಿ" ಅಂದರೆ ಅವನ ತಾಯಿಗೆ ಅಂತ ತಿಳಿಯಬೇಡಿ. ಇಲ್ಲಿ ಎಷ್ಟೋ ಮನೆಗಳಲ್ಲಿ ತಾಯಿ ಅವ್ವ, ಅಮ್ಮ ಅಂದರೆ ಅಜ್ಜಿ. ನಿದ್ದೆ ಬರಿಸುವ ಕೆಮ್ಮಿನ ಸಿರಪ್ಪು ಮೂವತ್ತೈದರ ತಾಯಿಗೆ ಬೇರೆ, ಬಿಪಿ ಸಕ್ರಿ ಎರಡೂ ಇರುವ ಎಪ್ಪತ್ತರ ಅಜ್ಜಿಗೆ ಬೇರೆ. "ವಯಸ್ಸೆಷ್ಟು, ಬ್ಯಾರೆ ಏನ ಗುಳಗಿ ಅದಾವು" ಅಂತ ಕೇಳದೆ ಬಾಟಲಿ ದಾಟಿಸುವುದಿಲ್ಲ.

ನನ್ನ ಬಾಯಿಂದ ನಾನೇ ತೆಗೆದುಹಾಕಿದ ಪದವೂ ಉಂಟು, ಮದ್ದು. ನಮ್ಮೂರಲ್ಲಿ ಔಷಧಕ್ಕೆಲ್ಲ ಮದ್ದು ಅಂತಲೇ ಅನ್ನುವುದು. ಇಲ್ಲಿ "ಮದ್ದು ಹಾಕ್ಯಾರ" ಅಂದರೆ ಯಾರೋ ಆಗದವರು ಊಟದಲ್ಲಿ ಏನೋ ಬೆರೆಸಿ ತಿನಿಸಿದ್ದಾರೆ ಅಂತ. "ಈ ಮದ್ದು ತಿನ್ನಿ" ಅಂತ ಕೈ ಚಾಚಿದರೆ ಹೇಗಿರುತ್ತದೆ, ಅಲ್ವಾ?

ಇದೆಲ್ಲ ಗಿರಾಕಿ ಎದುರಿಗೆ ನಿಂತಾಗ ನಡೆಯುತ್ತದೆ. ಫೋನ್ ಬಂದಾಗ ಅರ್ಧ ಕೈಕೊಡುತ್ತದೆ, ಯಾಕೆಂದರೆ ಕೈ ಕಾಣುವುದಿಲ್ಲ. ಫೋನಿನಲ್ಲಿ ಹೊಟ್ಟಿ ಕಡಿಯೋದು, ಎದಿ ಹಿಡಕೊಂಡಂಗ ಆಗೋದು, ದಮ್ ಹತ್ತೋದು ಅಂದವರಿಗೆ ನಾವು ಏನೂ ಕಳಿಸುವುದಿಲ್ಲ, ಡಾಕ್ಟರ ಹತ್ತಿರ ಹೋಗಿ ಅಂತೀವಿ. ಹಳೆಯ ಗುಳಗಿಯೇ ಬೇಕು ಅಂದರೆ ಡಾಕ್ಟರ ಚೀಟಿ, ಗುಳಗಿಯ ಸ್ಟ್ರಿಪ್ ಎರಡರದ್ದೂ ಫೋಟೋ ವಾಟ್ಸಾಪಿಗೆ ಹಾಕಿಸಿಕೊಳ್ಳುತ್ತೇವೆ. "ಬಿಳಿದು, ಸಣ್ಣದು, ಮುಂಜಾನಿದು" ಅನ್ನುವುದು ಮಾತ್ರ ಮೂರೂ ಕಡೆಯ ಕನ್ನಡದಲ್ಲಿ ಒಂದೇ ಥರ ಇರುತ್ತದೆ, ಅದರಿಂದ ಮೂರೂ ಕಡೆ ಏನೂ ಗೊತ್ತಾಗುವುದಿಲ್ಲ.