‘ವಿವಿಧ ಕ್ರಮ’ ಅಂದರೆ ಯಾವ ಕ್ರಮ, ಸ್ವಾಮಿ?

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬೇಸಿಗೆ ಬಂತು ಅಂದರೆ ಲಿಫ್ಟ್ ಪಕ್ಕ ಇಂಥದ್ದೊಂದು ನೋಟಿಸ್ ಅಂಟಿರುತ್ತದೆ:

“ನೀರಿನ ವಿಷಯದಲ್ಲಿ ಹಲವು ಸಮಸ್ಯೆಗಳು ಎದುರಾಗಿದ್ದು, ನಿವಾಸಿಗಳು ವಿವಿಧ ಕ್ರಮಗಳನ್ನು ಪಾಲಿಸಬೇಕು. ಬೋರ್‌ವೆಲ್‌ನಲ್ಲಿ ನೀರು ಕಡಿಮೆಯಾಗಿದೆ. ಟ್ಯಾಂಕರ್ ಕೂಡ ತಡವಾಗಿ ಬರುತ್ತಿದೆ. ಕೆಲವು ಮನೆಗಳು ನಿರ್ವಹಣಾ ಶುಲ್ಕ ಕಟ್ಟಿಲ್ಲ. ಖರ್ಚಿನ ಅಂಶವನ್ನೂ ಗಮನಿಸಲಾಗುವುದು.”

ಓದಿ ಮುಗಿಸಿದರೂ ನಾಳೆ ಬೆಳಗ್ಗೆ ಏನು ಮಾಡಬೇಕು ಅಂತ ಗೊತ್ತಾಗಲ್ಲ, ಅಲ್ವಾ? ಇದನ್ನು ತಿದ್ದಿಕೊಡಿ ಅಂತ ನಿಮ್ಮ ಕೈಗೆ ಕೊಟ್ಟರು ಅಂದುಕೊಳ್ಳಿ. ಬರೆದದ್ದು ಕಾರ್ಯದರ್ಶಿ, ನೀವಲ್ಲ. ಹಾಗಾಗಿ ಮಾತು ಸ್ಪಷ್ಟ ಆಗಬೇಕು, ಆದರೆ ಅವರು ಹೇಳದ್ದನ್ನು ಹೇಳಿಸಬಾರದು.

ಮೊದಲು ಪೆನ್ಸಿಲ್ ತಗೊಂಡು ವಿಷಯ, ಹಲವು, ವಿವಿಧ, ಕೆಲವು, ಅಂಶ ಇಂಥ ಮಸುಕು ಪದಗಳ ಕೆಳಗೆ ಗೆರೆ ಎಳೆಯಿರಿ. ಕಂಪ್ಯೂಟರ್‌ನಲ್ಲಾದರೆ Ctrl+F ಹುಡುಕಿಕೊಡುತ್ತದೆ, ಆದರೆ ಒಂದೇ ಏಟಿಗೆ ಎಲ್ಲವನ್ನೂ ಬದಲಿಸಲು ಹೋಗಬೇಡಿ. ‘ವಿಷಯ’ ತೆಗೆದು ‘ಸಮಸ್ಯೆ’ ಹಾಕಿದರೆ ‘ವಿಷಯದಲ್ಲಿ’ ಅನ್ನುವುದು ‘ಸಮಸ್ಯೆದಲ್ಲಿ’ ಆಗಿ ಕೂರುತ್ತದೆ.

ಗೆರೆ ಎಳೆದ ಪದವನ್ನು ಒಮ್ಮೆ ಬಿಟ್ಟು ಓದಿ. ‘ನೀರಿನ ವಿಷಯದಲ್ಲಿ ಸಮಸ್ಯೆ’ ಅಂದರೂ ಒಂದೇ, ‘ನೀರಿನ ಸಮಸ್ಯೆ’ ಅಂದರೂ ಒಂದೇ. ಅಂದರೆ ಆ ‘ವಿಷಯ’ ಸುಮ್ನೆ ಅಲ್ಲಿತ್ತು, ತೆಗೆದುಬಿಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಬಿಟ್ಟರೆ ಅರ್ಥ ಕೆಡುವ ಪದಕ್ಕೆ ‘ಯಾವುದು?’ ಅಂತ ಕೇಳಿ, ಉತ್ತರವನ್ನು ಅದೇ ಬರಹದಲ್ಲಿ ಹುಡುಕಿ. ‘ಹಲವು ಸಮಸ್ಯೆ’ ಅಂದರೆ ಯಾವುದು? ಮುಂದಿನ ಎರಡು ವಾಕ್ಯಗಳಲ್ಲೇ ಇದೆ: ಬೋರ್‌ವೆಲ್, ಟ್ಯಾಂಕರ್. ಆದರೆ ಎರಡಕ್ಕೆ ಸಾಮಾನ್ಯವಾಗಿ ‘ಹಲವು’ ಅನ್ನಲ್ಲ. ಮೂರನೆಯದು ಇದ್ದು ಬರೆಯಲು ಮರೆತಿರಬಹುದು. ಇದನ್ನು ಪಕ್ಕಕ್ಕೆ ಬರೆದಿಟ್ಟುಕೊಳ್ಳಿ.

‘ವಿವಿಧ ಕ್ರಮ’ಕ್ಕಂತೂ ನೋಟಿಸಿನಲ್ಲಿ ಉತ್ತರವೇ ಇಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಕಾರು ತೊಳೆಯುವುದು ನಿಲ್ಲಿಸಿ ಅಂತಿರಬೇಕು ಅಂತ ಊಹಿಸಿ ‘ಕಾರು ತೊಳೆಯಬಾರದು’ ಅಂತ ಬರೆದುಬಿಡುತ್ತಾರೆ. ವಾಕ್ಯ ಚೆನ್ನಾಗೇ ಕಾಣುತ್ತದೆ, ಆದರೆ ಸಂಘ ಮಾಡದ ನಿಯಮವೊಂದು ಗೋಡೆ ಮೇಲೆ ಬಂದಿರುತ್ತದೆ. ಊಹೆ ಮಾಡಲು ಹೆದರಿ ‘ವಿವಿಧ’ ಜಾಗಕ್ಕೆ ‘ಬೇರೆ ಬೇರೆ’ ಹಾಕುವವರೂ ಇದ್ದಾರೆ, ಅದರಿಂದ ಓದುವವರಿಗೆ ಸಿಕ್ಕಿದ್ದೇನೂ ಇಲ್ಲ. ಬರೆದವರನ್ನೇ ಕೇಳುವುದು ವಾಸಿ. ಕೇಳುವಾಗಲೂ ‘ಸ್ವಲ್ಪ ಸ್ಪಷ್ಟ ಮಾಡಿ’ ಅನ್ನಬೇಡಿ, ಅದಕ್ಕೆ ಇನ್ನೂ ಉದ್ದದ ನೋಟಿಸ್ ಬರುತ್ತದೆ. ಉತ್ತರ ಕೊಡಲು ಸುಲಭವಾಗುವ ಹಾಗೆ ಕೇಳಿ:

“ಸಾರ್, ನಾವು ಮಾಡಬೇಕಾದ್ದು ಏನೇನು? ಬೋರ್‌ವೆಲ್, ಟ್ಯಾಂಕರ್ ಬಿಟ್ಟು ಬೇರೆ ಸಮಸ್ಯೆ ಇದೆಯಾ? ಖರ್ಚಿನ ಅಂಶ ಅಂದರೆ ದುಡ್ಡು ಜಾಸ್ತಿ ಕೇಳ್ತೀರಾ, ಇಲ್ಲ ಲೆಕ್ಕ ನೋಡ್ತೀರಾ?”

“ಎರಡೇ ಸಮಸ್ಯೆ. ಪೈಪ್ ಹಿಡಿದು ಕಾರು ತೊಳೀಬೇಡಿ, ಬಕೆಟ್ ಆದರೆ ಪರವಾಗಿಲ್ಲ. ಸೋರೋ ನಲ್ಲಿ ರಿಪೇರಿ ಮಾಡಿಸಿ. ಟ್ಯಾಂಕರ್ ದುಡ್ಡು ಹೇಗೆ ಹಂಚೋದು ಅಂತ ಮುಂದಿನ ಸಭೆಯಲ್ಲಿ ಮಾತಾಡ್ತೀವಿ, ಇನ್ನೂ ತೀರ್ಮಾನ ಆಗಿಲ್ಲ.”

ನೋಡಿ, ಕಾರಿನ ಊಹೆ ಅರ್ಧ ಸರಿ, ಅರ್ಧ ತಪ್ಪು. ‘ಅಂಶ’ದ ಜಾಗಕ್ಕೆ ‘ಶುಲ್ಕ ಹೆಚ್ಚಾಗಲಿದೆ’ ಅಂತ ಹಾಕಿದ್ದರಂತೂ ಸಂಜೆಯೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಶುರು.

ಉಳಿದದ್ದು ‘ಕೆಲವು ಮನೆಗಳು’. ಇಲ್ಲಿ ಕೈ ಕಟ್ಟಿ ಕೂರಿ. ಮನೆ ನಂಬರ್ ಅವರ ಹತ್ತಿರ ಇದ್ದೇ ಇರುತ್ತದೆ. ಎಲ್ಲರೆದುರು ಹೆಸರು ಹೇಳುವುದು ಬೇಡ ಅಂತಲೇ ‘ಕೆಲವು’ ಅಂದಿದ್ದರೆ ಆ ಮಸುಕೇ ಅವರ ಉದ್ದೇಶ. ‘ಸುಮಾರು’, ‘ಬಹುಶಃ’ ಕೂಡ ಹೀಗೆಯೇ: ಬರೆದವರಿಗೆ ಖಚಿತ ಇಲ್ಲದ್ದನ್ನು ನೀವು ಖಚಿತ ಮಾಡಕ್ಕಾಗಲ್ಲ. ‘ಅಂಶ’, ‘ವಿಷಯ’ ಕಂಡಲ್ಲೆಲ್ಲ ಕತ್ತರಿ ಬೇಡ. ಹಾಲಿನ ಪ್ಯಾಕೆಟ್ ಮೇಲಿನ ಕೊಬ್ಬಿನ ಅಂಶ, ಹತ್ತನೇ ಕ್ಲಾಸಿನ ಆರು ವಿಷಯ ಸರಿಯಾಗಿಯೇ ಇವೆ.

ತಿದ್ದಿದ ಮೇಲೆ:

“ಬೋರ್‌ವೆಲ್‌ನಲ್ಲಿ ನೀರು ಕಡಿಮೆಯಾಗಿದೆ, ಟ್ಯಾಂಕರ್ ತಡವಾಗಿ ಬರುತ್ತಿದೆ. ಹಾಗಾಗಿ ನಿವಾಸಿಗಳು ಪೈಪ್ ಹಿಡಿದು ಕಾರು ತೊಳೆಯಬಾರದು (ಬಕೆಟ್ ಬಳಸಬಹುದು), ಸೋರುವ ನಲ್ಲಿ ರಿಪೇರಿ ಮಾಡಿಸಬೇಕು. ಕೆಲವು ಮನೆಗಳು ನಿರ್ವಹಣಾ ಶುಲ್ಕ ಕಟ್ಟಿಲ್ಲ. ಟ್ಯಾಂಕರ್ ಖರ್ಚನ್ನು ಹೇಗೆ ಹಂಚಬೇಕು ಎಂದು ಮುಂದಿನ ಸಭೆಯಲ್ಲಿ ಚರ್ಚಿಸಲಾಗುವುದು.”

ಅಂಟಿಸುವ ಮುಂಚೆ ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು, ಹೊಸದರಲ್ಲಿ ಮಾತ್ರ ಇರುವ ಮಾತುಗಳಿಗೆ ಗೆರೆ ಎಳೆಯಿರಿ: ಪೈಪ್, ಕಾರು, ಬಕೆಟ್, ನಲ್ಲಿ ರಿಪೇರಿ, ಖರ್ಚು ಹಂಚುವುದು, ಸಭೆ. ಒಂದೊಂದೂ ಎಲ್ಲಿಂದ ಬಂತು ಅಂತ ತೋರಿಸಲು ಆಗಬೇಕು. ಇಲ್ಲಿ ಎಲ್ಲವೂ ಕಾರ್ಯದರ್ಶಿ ಹೇಳಿದ್ದೇ. ‘ಬೇಕು’ ಇದ್ದದ್ದು ‘ಬಹುದು’ ಆಯಿತಾ ಅಂತಲೂ ನೋಡಿ. ಬಕೆಟ್ಟಿನ ‘ಬಹುದು’ ಅವರೇ ಕೊಟ್ಟ ಸಡಿಲ, ನಲ್ಲಿಯ ‘ಬೇಕು’ ಹಾಗೇ ಇದೆ. ಆಮೇಲೆ ಸಹಿಗೆ ಕಳಿಸಿ.