ಕರಪತ್ರದಲ್ಲಿ ‘ಕಣ್ಣು ಕಾಣದವರು’, ಸಂಘದ ಬೋರ್ಡಿನಲ್ಲಿ ‘ಕಿವುಡರು’

ಪಂಚಾಯಿತಿ ಪಟ್ಟಿ, ಶಿಬಿರದ ಕರಪತ್ರ, ಸಂಘದ ಸಭೆಯ ಆಹ್ವಾನ. ಈ ಮೂರನ್ನೂ ಒಂದೇ ಪದಪಟ್ಟಿ ಮುಂದಿಟ್ಟುಕೊಂಡು ಬರೆದರೆ ಎರಡಾದರೂ ಕೆಡುತ್ತವೆ. ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡದ ಕಡೆ ಅಂಗವೈಕಲ್ಯದ ಕೆಲಸ ಮಾಡುವ ನಾವು ಇಂಥ ಕಾಗದಗಳ ಭಾಷೆಯನ್ನು ಹೇಗೆ ತಿದ್ದುತ್ತೇವೆ, ಒಂದು ಕಡೆ ‘ಇರುವವರು’ ಅಂತ ಬರೆದು ಇನ್ನೊಂದು ಕಡೆ ನೇರವಾಗಿ ‘ಕಿವುಡರು’ ಅಂತ ಯಾಕೆ ಬಿಡುತ್ತೇವೆ ಅನ್ನುವುದನ್ನು ಬರೆಯುತ್ತೇನೆ.

ಮೊದಲು ವ್ಯಕ್ತಿಯನ್ನು ಹೇಳಬೇಕೋ, ಅಂಗವೈಕಲ್ಯವನ್ನು ಹೇಳಬೇಕೋ ಅನ್ನುವ ಈ ಜಗಳ ಹುಟ್ಟಿದ್ದು ಇಂಗ್ಲಿಷಿನಲ್ಲಿ. ‘ವ್ಯಕ್ತಿ ಮೊದಲು’ ಎಂಬ ಮಾತಿಗೆ ಬಲ ಕೊಟ್ಟವರು ಬೌದ್ಧಿಕ ಅಂಗವೈಕಲ್ಯ ಇರುವವರು. 1974ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಸೇಲಂನಲ್ಲಿ ಸೇರಿ, ನಮ್ಮನ್ನು ಮೊದಲು ಮನುಷ್ಯರಾಗಿ ನೋಡಿ ಅಂದರು. ಅವರಿಗೆ ಅಂಟಿಸಿದ್ದ ಹೆಸರು ಡಾಕ್ಟರ ಪುಸ್ತಕದಿಂದ ಬೀದಿಗಿಳಿದು ಬೈಗುಳವಾಗಿತ್ತು. ಅದನ್ನು ಅವರು ಆರಿಸಿಕೊಂಡಿರಲಿಲ್ಲ. ಇನ್ನೊಂದು ದಿಕ್ಕಿನಿಂದ ಕಿವುಡರು, ಕುರುಡರು, ಆಮೇಲೆ ಆಟಿಸ್ಟಿಕ್ ಜನ ಬೇರೆ ಮಾತು ಹೇಳಿದರು: ನಮ್ಮ ಗುರುತನ್ನೇ ಮೊದಲಿಡಿ. 1993ರಲ್ಲಿ ಅಮೆರಿಕದ ಕುರುಡರ ರಾಷ್ಟ್ರೀಯ ಒಕ್ಕೂಟ ‘ವ್ಯಕ್ತಿ ಮೊದಲು’ ಕ್ರಮವನ್ನು ಒಪ್ಪುವುದಿಲ್ಲ ಎಂದು ನಿರ್ಣಯವನ್ನೇ ಮಾಡಿತು. 1999ರಲ್ಲಿ ಸ್ವತಃ ಆಟಿಸ್ಟಿಕ್ ಆದ ಜಿಮ್ ಸಿಂಕ್ಲೇರ್ ಆಟಿಸಂ ಬಗ್ಗೆ ಬರೆದದ್ದರ ತಿರುಳೂ ಇದೇ: ನನ್ನಿಂದ ಬೇರ್ಪಡಿಸಿ ಪಕ್ಕಕ್ಕಿಡಬಹುದಾದ ವಸ್ತು ಅದಲ್ಲ. ಕೆಟ್ಟದ್ದಲ್ಲದ ಗುಣದ ಬಗ್ಗೆ ಹೇಳುವಾಗ ಯಾರೂ ಹೀಗೆ ಸುತ್ತು ಬಳಸುವುದಿಲ್ಲ. ‘ಎಡಗೈತನ ಇರುವ ವ್ಯಕ್ತಿ’ ಅಂತ ಯಾರಾದರೂ ಅಂತಾರಾ? ಎಡಚ ಅಂತೀವಿ, ಮುಗೀತು.

ಇದನ್ನು ಹಾಗೇ ಕನ್ನಡಕ್ಕೆ ತಂದರೆ ಕಾಲು ಜಾರುತ್ತದೆ. ಕನ್ನಡದಲ್ಲಿ ವಿಶೇಷಣ ಯಾವಾಗಲೂ ಹೆಸರಿನ ಮುಂದೆಯೇ ಬರುತ್ತದೆ. ‘ಅಂಗವೈಕಲ್ಯ ಇರುವ ವ್ಯಕ್ತಿ’ ಅಂದಾಗಲೂ ಮೊದಲು ಕಿವಿಗೆ ಬೀಳುವುದು ಅಂಗವೈಕಲ್ಯವೇ, ವ್ಯಕ್ತಿ ಕೊನೆಗೆ. ಪದಗಳ ಸಾಲಿನಲ್ಲಿ ವ್ಯಕ್ತಿಯನ್ನು ಮುಂದೆ ತರಬೇಕಾದರೆ ಪದಗುಚ್ಛ ಬಿಟ್ಟು ಪೂರ್ತಿ ವಾಕ್ಯ ಮಾಡಬೇಕು: ‘ನಂಜಮ್ಮನಿಗೆ ಕಣ್ಣು ಕಾಣುವುದಿಲ್ಲ’, ‘ಅವರಿಗೆ ಫಿಟ್ಸ್ ಬರುತ್ತದೆ’. ನಮ್ಮ ‘ಗೆ’, ‘ಇಗೆ’ ವಿಭಕ್ತಿ ಈ ಕೆಲಸವನ್ನು ಹಿಂದಿನಿಂದಲೂ ಮಾಡಿಕೊಂಡು ಬಂದಿದೆ. ಆದ್ದರಿಂದ ವರದಿ ಬರೆಯುವಾಗ ನಮ್ಮ ಮೊದಲ ತಿದ್ದುಪಡಿ ಪದ ಬದಲಿಸುವುದಲ್ಲ, ವಾಕ್ಯ ಬದಲಿಸುವುದು.

ಕನ್ನಡದಲ್ಲಿ ನಿಜವಾದ ಪೆಟ್ಟು ಬೀಳುವುದು ಪದದ ಬಾಲದಲ್ಲಿ. ಕುರುಡ, ಕುರುಡಿ, ಕುಂಟ, ಮೂಗಿ ಎಲ್ಲವೂ ಏಕವಚನ, ಗೌರವ ಇಲ್ಲ. ಪಾವಗಡದ ತೆಲುಗಿನಲ್ಲಿ ಗುಡ್ಡೋಡು, ಕುಂಟೋಡು. ‘ಕುಂಟನ ಮನೆ ಯಾವುದು’ ಅಂತ ಕೇಳಿದರೆ ಊರು ಕೈ ತೋರಿಸುತ್ತದೆ, ಆದರೆ ಅವರ ಹೆಸರು ಹೇಳಿ ಕೇಳಿದರೆ ಗೊತ್ತಿರುವುದಿಲ್ಲ. ‘ಕಣ್ಣು ಕಾಣದವರು’ ಅಂದಾಗ ಇರುವ ಸಂಗತಿಯೂ ಬಂತು, ‘ಅವರು’ ಅನ್ನುವ ಬಹುವಚನವೂ ಬಂತು. ನಮ್ಮ ಕಡೆ ‘ವ್ಯಕ್ತಿ ಮೊದಲು’ ಅನ್ನುವುದರ ಕೆಲಸವನ್ನು ಈ ‘ಅವರು’ ಮಾಡುತ್ತದೆ.

ಒಂದು ಕರಪತ್ರ ತೆಗೆದುಕೊಳ್ಳೋಣ. ಗುರುತಿನ ಚೀಟಿ ಶಿಬಿರಕ್ಕೆ ಸಾಮಾನ್ಯವಾಗಿ ಬರುವ ಕರಡು ಹೀಗಿರುತ್ತದೆ:

‘ಕುರುಡರು, ಕಿವುಡ-ಮೂಗರು, ಬುದ್ಧಿಮಾಂದ್ಯರು ಹಾಗೂ ಅಂಗವೈಕಲ್ಯದಿಂದ ಬಳಲುತ್ತಿರುವ ವ್ಯಕ್ತಿಗಳು ಆಧಾರ್ ಕಾರ್ಡ್ ಮತ್ತು ಭಾವಚಿತ್ರದೊಂದಿಗೆ ಹಾಜರಾಗತಕ್ಕದ್ದು.’

ಹೊಸದಾಗಿ ತರಬೇತಿ ಮುಗಿಸಿ ಬಂದವರು ಇದನ್ನು ತಿದ್ದಿ ‘ದೃಷ್ಟಿ ನ್ಯೂನತೆಯುಳ್ಳ ವ್ಯಕ್ತಿಗಳು, ಶ್ರವಣ ನ್ಯೂನತೆಯುಳ್ಳ ವ್ಯಕ್ತಿಗಳು, ಬೌದ್ಧಿಕ ಅಂಗವೈಕಲ್ಯವುಳ್ಳ ವ್ಯಕ್ತಿಗಳು’ ಅಂತ ಮಾಡುತ್ತಾರೆ. ಮರ್ಯಾದೆ ಇದೆ, ಕಾನೂನಿಗೂ ಹತ್ತಿರ. ಆದರೆ ಆಟೋದಲ್ಲಿ ಮೈಕ್ ಕಟ್ಟಿ ಹಳ್ಳಿಯ ಮೇಲೆ ಕೂಗಿಸಿದಾಗ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಅಜ್ಜಿಗೆ ಅದು ತನ್ನನ್ನೇ ಕರೆಯುತ್ತಿದೆ ಅಂತ ತಿಳಿಯುವುದಿಲ್ಲ. ಶಿಬಿರಕ್ಕೆ ಕಾಲಿನ ತೊಂದರೆ ಇರುವವರೇ ಹೆಚ್ಚು ಬಂದು, ಕಣ್ಣು ಕಿವಿಯವರು ಬೆರಳೆಣಿಕೆಯಷ್ಟು ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಕರಪತ್ರದ ಭಾಷೆಯನ್ನು. ನಾವು ಕೊನೆಗೆ ಅಚ್ಚಿಗೆ ಕಳಿಸುವುದು ಹೀಗೆ:

‘ಕಣ್ಣು ಕಾಣದವರು, ಕಣ್ಣು ಮಂಜಾಗಿರುವವರು, ಕಿವುಡರು, ಕಿವಿ ಮಂದ ಇರುವವರು, ಕೈಕಾಲು ಸ್ವಾಧೀನ ಇಲ್ಲದವರು, ಬುದ್ಧಿ ಬೆಳವಣಿಗೆ ನಿಧಾನ ಇರುವವರು, ಮಾನಸಿಕ ಕಾಯಿಲೆ ಇರುವವರು ಬನ್ನಿ. ಆಧಾರ್ ಕಾರ್ಡ್, ಫೋಟೊ ತನ್ನಿ. ಸೈನ್ ಭಾಷೆ ಬಲ್ಲವರು ಶಿಬಿರದಲ್ಲಿರುತ್ತಾರೆ.’

‘ಕುರುಡರು’ ಹೋಗಿ ‘ಕಣ್ಣು ಕಾಣದವರು’ ಆದದ್ದು ಬಿಟ್ಟರೆ ಇದರಲ್ಲಿ ಕೈಬಿಟ್ಟದ್ದು ಮೂರು. ‘ಬಳಲುತ್ತಿರುವ’ ಅನ್ನುವುದು ಮೊದಲನೆಯದು. ಕರಡಿನ ಆ ತುಂಡು ರೂಪದಲ್ಲಿ ಅಪ್ಪಟ ‘ವ್ಯಕ್ತಿ ಮೊದಲು’: ‘ಅಂಗವೈಕಲ್ಯದಿಂದ ಬಳಲುತ್ತಿರುವ ವ್ಯಕ್ತಿಗಳು’. ಆದರೂ ಇಡೀ ಸಾಲಿನಲ್ಲಿ ಕೆಟ್ಟದ್ದು ಅದೇ, ಯಾಕೆಂದರೆ ಅವರ ಪರವಾಗಿ ನರಳಾಟವನ್ನು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ‘ಪೀಡಿತ’, ‘ಗ್ರಸ್ತ’ ಕೂಡ ಇದೇ ಜಾತಿ. ಎರಡನೆಯದು ‘ಮೂಗರು’. ಕಿವುಡರಲ್ಲಿ ಹೆಚ್ಚಿನವರಿಗೆ ಗಂಟಲು, ನಾಲಿಗೆ ನೆಟ್ಟಗೇ ಇರುತ್ತವೆ. ಕೇಳಿಸದ ಮಾತನ್ನು ಬಾಯಲ್ಲಿ ಆಡಲು ಕಲಿಯುವುದು ಕಷ್ಟ, ಅಷ್ಟೇ. ಕೈಯಲ್ಲಿ ಪೂರ್ತಿ ಭಾಷೆ ಆಡುವವರನ್ನು ಮೂಗರು ಅನ್ನುವುದು ಸುಳ್ಳು. ಮೂರನೆಯದು ‘ಬುದ್ಧಿಮಾಂದ್ಯರು’. ಇದು ನಾಮಪದವಾಗಿ ನಿಂತುಬಿಟ್ಟಿದೆ, ಮನುಷ್ಯನಲ್ಲಿ ಬೇರೇನೂ ಉಳಿದಿಲ್ಲ ಅನ್ನುವ ಹಾಗೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ಇದಕ್ಕೆ ಸಮನಾದ ಹಳೆಯ ಪದವೇ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಬಿಟ್ಟು ‘ಬೌದ್ಧಿಕ ಅಂಗವೈಕಲ್ಯ’ಕ್ಕೆ ಬಂತು. ನಮ್ಮ ‘ನಿಧಾನ ಇರುವವರು’ ಅನ್ನುವುದೂ ಪರಿಪೂರ್ಣವಲ್ಲ, ಆದರೆ ತಾಯಂದಿರಿಗೆ ತಿಳಿಯುತ್ತದೆ, ಮಗುವಿನ ಎದುರೇ ಗಟ್ಟಿಯಾಗಿ ಓದಬಹುದು.

ಹಾಗಿದ್ದರೆ ‘ಕಿವುಡರು’ ಯಾಕೆ ಉಳಿಯಿತು? ಅದು ಮರೆತು ಬಿಟ್ಟದ್ದಲ್ಲ. ಸೈನ್ ಭಾಷೆಯಲ್ಲಿ ಬೆಳೆದವರಿಗೆ ಕಿವುಡುತನ ಅಂದರೆ ಒಂದು ಭಾಷೆ ಹಂಚಿಕೊಂಡ ಸಮುದಾಯ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಉದ್ದಕ್ಕೂ ‘ವ್ಯಕ್ತಿ ಮೊದಲು’ ರೀತಿಯಲ್ಲೇ ಬರೆದ ದಾಖಲೆ. ಆದರೂ ಅದರ 30ನೇ ವಿಧಿಯಲ್ಲಿ ಕಿವುಡ ಸಂಸ್ಕೃತಿಯನ್ನೂ 24ನೇ ವಿಧಿಯಲ್ಲಿ ಕಿವುಡ ಸಮುದಾಯದ ಭಾಷಿಕ ಗುರುತನ್ನೂ ಹೆಸರಿಟ್ಟು ಹೇಳಿದೆ. ಅವರ ಸಭೆಯ ಆಹ್ವಾನದಲ್ಲಿ ‘ಶ್ರವಣ ದೋಷವುಳ್ಳವರ ಸಭೆ’ ಅಂತ ಬರೆದರೆ ಸೂಕ್ಷ್ಮವಾಗಿದ್ದೇವೆ ಅಂದುಕೊಂಡ ನಾವು ‘ದೋಷ’ ಅಂತ ಕರೆದಂತಾಯಿತು. ವಯಸ್ಸಾಗಿ ಕಿವಿ ಮಂದವಾದ ರೈತರ ಮಾತು ಬೇರೆ. ಅವರಿಗೆ ಆ ಸಮುದಾಯವೂ ಇಲ್ಲ, ಭಾಷೆಯೂ ಇಲ್ಲ, ‘ಕಿವುಡ’ ಅಂದರೆ ಬೈದಂತೆಯೇ. ಅದಕ್ಕೇ ಕರಪತ್ರದಲ್ಲಿ ಇಬ್ಬರಿಗೂ ಬೇರೆ ಬೇರೆ ಪದ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ಹೋರಾಟಗಾರರು ಗುರುತು ಮೊದಲಿಡುವುದಕ್ಕೆ ಇನ್ನೊಂದು ಕಾರಣ ಕೊಡುತ್ತಾರೆ: ನಮ್ಮನ್ನು ಅಶಕ್ತರನ್ನಾಗಿ ಮಾಡಿದ್ದು ದೇಹವಲ್ಲ, ಮೆಟ್ಟಿಲು ಕಟ್ಟಿದ ಸಮಾಜ. ಅವರ ಇಂಗ್ಲಿಷ್ ಪದದಲ್ಲಿ ಆ ‘ಮಾಡಲ್ಪಟ್ಟ’ ಅನ್ನುವ ಅರ್ಥಕ್ಕೆ ಜಾಗವಿದೆ. ನಮ್ಮ ‘ಅಂಗವಿಕಲ’, ‘ವಿಕಲಚೇತನ’ಗಳಲ್ಲಿ ಇಲ್ಲ. ‘ವಿಕಲ’ ಅಂದರೆ ಊನ, ಅದು ಅಂಗಕ್ಕೋ ಚೇತನಕ್ಕೋ ಅಂಟಿಕೊಂಡಿದೆ. ಹಾಗಾಗಿ ಬ್ರಿಟನ್ನಿನ ವಾದವನ್ನು ತಂದು ‘ಅಂಗವಿಕಲ’ ಪದಕ್ಕೆ ಸಮರ್ಥನೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ‘ವಿಶೇಷಚೇತನ’, 2015ರಿಂದ ಬಂದ ‘ದಿವ್ಯಾಂಗ’ ಎರಡೂ ಹೊಗಳಿಕೆಯ ಪದಗಳು. ಬಸ್ಸಿನ ಮೆಟ್ಟಿಲು ಎತ್ತರ ಇದೆ ಅಂತ ಅರ್ಜಿ ಬರೆಯುವವನಿಗೆ ದಿವ್ಯತ್ವದಿಂದ ಏನೂ ಉಪಯೋಗವಿಲ್ಲ. ಆದರೂ ಇಲಾಖೆಯ ಹೆಸರು, ಯೋಜನೆಯ ಹೆಸರು, ಪ್ರಮಾಣಪತ್ರದಲ್ಲಿನ ವರ್ಗದ ಹೆಸರು ಇವುಗಳನ್ನು ನಾವು ತಿದ್ದುವುದಿಲ್ಲ. 2016ರ ಕಾಯ್ದೆಯಲ್ಲಿ 21 ವರ್ಗಗಳಿವೆ. ಅರ್ಜಿಯಲ್ಲಿ ಬೇರೆ ಪದ ಹಾಕಿ ಕೊಟ್ಟರೆ ಪ್ರಮಾಣಪತ್ರಕ್ಕೂ ಅರ್ಜಿಗೂ ತಾಳೆಯಾಗದೆ ಸೌಲಭ್ಯ ನಿಲ್ಲುವುದು ಅರ್ಜಿ ಕೊಟ್ಟವರದ್ದೇ.

ಆದ್ದರಿಂದ ಮನೆ ಸಮೀಕ್ಷೆಯ ನಮೂನೆಯಲ್ಲಿ ಎರಡು ಕಾಲಂ ಇಟ್ಟಿದ್ದೇವೆ. ಮೊದಲನೆಯದರಲ್ಲಿ ಕಾಯ್ದೆಯ ವರ್ಗ, ಅಕ್ಷರ ಬದಲಿಸದೆ. ಎರಡನೆಯದರ ತಲೆಬರಹ ‘ಅವರ ಮಾತಿನಲ್ಲಿ’. ಇದರ ಪಕ್ಕದಲ್ಲಿ ಉತ್ತರ ಕೊಟ್ಟವರು ಯಾರು ಅಂತ ಗುರುತು ಹಾಕಲು ಒಂದು ಸಣ್ಣ ಚೌಕ ಇದೆ: ತಾವೇ, ತಾಯಿ, ತಂದೆ, ಇತರೆ. ಈ ಚೌಕ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮನೆಮನೆಯಲ್ಲೂ ಕಾಣುವ ದೃಶ್ಯ ಒಂದಿದೆ. ‘ಅಮ್ಮಾ, ನಿಮ್ ಮಗನ್ ಬಗ್ಗೆ ಇಲ್ಲಿ ಏನಂತ ಬರ್ಕೊಳ್ಲಿ?’ ಅಂತ ಕೇಳಿದರೆ, ‘ಮೂಗ ಅಂತ ಬರ್ಕೊಳಪ್ಪ, ಊರೆಲ್ಲ ಹಂಗೇ ಕರೀತಾರೆ’ ಅನ್ನುತ್ತಾರೆ. ಮಗ ಪಕ್ಕದಲ್ಲೇ ಕೂತಿರುತ್ತಾನೆ. ಪೆನ್ನು ಅವನ ಕೈಗೆ ಕೊಟ್ಟರೆ ‘ಡೆಫ್’ ಅಂತ ಬರೆಯುತ್ತಾನೆ. ಇಬ್ಬರ ಉತ್ತರವೂ ಬಂದಾಗ ಕಾಲಂಗೆ ಹೋಗುವುದು ಅವನದು.

ಆಟಿಸಂ ವಿಷಯದಲ್ಲಿ ಈ ಅಂತರ ಇನ್ನೂ ಹೆಚ್ಚು. ತಂದೆ ತಾಯಿಯರು ‘ನಮ್ ಮಗೂಗೆ ಆಟಿಸಂ ಇದೆ’ ಅನ್ನುತ್ತಾರೆ. ದೊಡ್ಡವರಾಗಿ ತಮ್ಮ ಬಗ್ಗೆ ತಾವೇ ಮಾತಾಡುವವರಲ್ಲಿ ಹಲವರು ‘ನಾನು ಆಟಿಸ್ಟಿಕ್’ ಅನ್ನುತ್ತಾರೆ. ಪೋಷಕರ ಸಭೆಯ ಕಾಗದದಲ್ಲಿ ಮೊದಲನೆಯದನ್ನೂ, ಆಟಿಸ್ಟಿಕ್ ವಯಸ್ಕರು ಮಾತಾಡುವ ಕಾರ್ಯಕ್ರಮದಲ್ಲಿ ಎರಡನೆಯದನ್ನೂ ಹಾಕುತ್ತೇವೆ. ಇಬ್ಬರೂ ಸೇರುವ ಕಡೆ ವೇದಿಕೆಯಲ್ಲಿ ಮಾತಾಡುವವರನ್ನು ಮೊದಲೇ ಕೇಳಿ ಅವರ ಪದವನ್ನೇ ಅಚ್ಚು ಹಾಕಿಸುತ್ತೇವೆ.

ಕೇಳುವುದಕ್ಕೂ ಒಂದು ರೀತಿ ಇದೆ. ‘ನಿಮಗೆ ಏನು ತೊಂದರೆ?’ ಅಂದರೆ ಆಸ್ಪತ್ರೆಯ ಉತ್ತರ ಬರುತ್ತದೆ. ‘ಕಾಗದದಲ್ಲಿ ನಿಮ್ಮ ಬಗ್ಗೆ ಬರೀಬೇಕು, ಯಾವ ಮಾತು ಹಾಕಿದ್ರೆ ನಿಮಗೆ ಸರಿ?’ ಅಂದರೆ ಒಂದು ಕ್ಷಣ ಯೋಚಿಸುತ್ತಾರೆ. ಎರಡು ಪದ ಮುಂದಿಟ್ಟು ಆರಿಸಿ ಅಂದರೆ ಇನ್ನೂ ಸುಲಭ. ‘ಹೆಂಗಾದ್ರೂ ಬರ್ಕೊಳಿ’ ಅಂದವರಿಗೆ ಪದವೇ ಬೇಡ, ಹೆಸರು ಬರೆದು ವಾಕ್ಯ ಮಾಡುತ್ತೇವೆ.

ಈ ಎರಡನೆಯ ಕಾಲಂ ತುಂಬುವುದು ಪೆನ್ಸಿಲ್‌ನಲ್ಲಿ. ದೃಷ್ಟಿ ಹೋದ ಹೊಸದರಲ್ಲಿ ‘ಕಣ್ಣು ಸ್ವಲ್ಪ ಮಂಜು’ ಅನ್ನುವವರು ಬ್ರೈಲ್ ಕಲಿತು, ಬಿಳಿ ಕೋಲು ಹಿಡಿದು ಒಬ್ಬರೇ ಬಸ್ ಹತ್ತುವ ಹೊತ್ತಿಗೆ ‘ನಾನು ಕುರುಡ’ ಅನ್ನುವುದುಂಟು. ಅದೇ ಮಾತನ್ನು ಅವರಿಗೆ ನಾವು ಅನ್ನುವುದು ಅವರು ಅಂದ ಮೇಲೆ, ಅದೂ ‘ಕುರುಡ’ ಅಲ್ಲ, ‘ಕುರುಡರು’. ವರ್ಷಕ್ಕೊಮ್ಮೆ ಪಟ್ಟಿ ಪರಿಷ್ಕರಿಸುವಾಗ ಮೊದಲ ಕಾಲಂ ಹಾಗೇ ಉಳಿಯುತ್ತದೆ, ಎರಡನೆಯದನ್ನು ಮತ್ತೆ ಓದಿ ಹೇಳಿ, ಬೇಕಾದರೆ ಅಳಿಸಿ ಬರೆಯುತ್ತೇವೆ.