ಎಟಿಎಂನಲ್ಲಿ ನಾನು ಮೊದಲು ಹುಡುಕುವುದು ಕ್ಯಾಮೆರಾ

ಎಟಿಎಂ ರಿಪೇರಿ ನನ್ನ ಕೆಲಸ. ರಸೀದಿ ಪೇಪರ್ ಸಿಕ್ಕಿಕೊಂಡರೆ, ನೋಟು ಅರ್ಧಕ್ಕೇ ನಿಂತರೆ, ಕಾರ್ಡ್ ಒಳಗೇ ಉಳಿದರೆ ನನಗೆ ಕರೆ ಬರುತ್ತದೆ. ಆವತ್ತು ಸಂಜೆ ಬಂದ ಕರೆಯೂ ಅಂಥದ್ದೇ. ‘ಕಾರ್ಡ್ ತಡೆದು ತಡೆದು ಹೋಗುತ್ತಿದೆ, ಕೆಲವು ಸಲ ಓದುತ್ತಿಲ್ಲ’ ಅಂತ ದೂರು.

ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಮಷೀನ್ ಪಕ್ಕಪಕ್ಕ ಇದ್ದವು. ದೂರು ಬಂದಿದ್ದು ಎಡಗಡೆಯದರ ಮೇಲೆ. ಕಾರ್ಡ್ ತೂರಿಸುವ ಬಾಯಿಯನ್ನು ಹಿಡಿದು ಎಳೆದೆ, ಆಚೀಚೆ ಅಲ್ಲಾಡಿಸಿದೆ. ಗಟ್ಟಿಯಾಗಿತ್ತು. ಕಾರ್ಡಿನ ಮಾಹಿತಿ ಕದಿಯಲು ಕಳ್ಳರು ಕೂರಿಸುವ ಸ್ಕಿಮ್ಮರ್ ಏನೂ ಇಲ್ಲ ಅಂದುಕೊಂಡೆ. ಕ್ಲೀನಿಂಗ್ ಕಾರ್ಡ್ ಹಾಕಿದೆ. ಒಳಗೆ ಹೋಗುವಾಗ ಸ್ವಲ್ಪ ಬಿಗಿ ಅನ್ನಿಸಿತು. ಧೂಳು ಇರಬೇಕು ಅಂತ ಎರಡು ಸಲ ಒರೆಸಿದೆ. ಟೆಸ್ಟ್ ಕಾರ್ಡ್ ಹಾಕಿದರೆ ಸರಿಯಾಗಿ ಓದಿತು. ಕೆಲಸ ಮುಗಿಯಿತು ಅಂತ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದೆ.

ಹೊರಡುವ ಮುಂಚೆ ಕಣ್ಣಿಗೆ ಬಿದ್ದಿದ್ದು ಒಂದು ನೆರಳು. ಬಲಗಡೆ ಮಷೀನಿನಲ್ಲಿ ಮೇಲಿನ ದೀಪದ ಬೆಳಕು ಕೀಪ್ಯಾಡಿನ ಎಲ್ಲ ಗುಂಡಿಗಳ ಮೇಲೂ ಬೀಳುತ್ತಿತ್ತು. ಎಡಗಡೆಯದರಲ್ಲಿ 1, 2, 3ರ ಸಾಲು ಮಾತ್ರ ಮಬ್ಬಾಗಿತ್ತು. ಬಗ್ಗಿ ಮೇಲಕ್ಕೆ ನೋಡಿದೆ. ಪರದೆಯ ಕೆಳ ಅಂಚಿಗೆ ಹೆಬ್ಬೆರಳಿನಷ್ಟು ಅಗಲದ ಒಂದು ಪ್ಲಾಸ್ಟಿಕ್ ಪಟ್ಟಿ ಅಂಟಿಕೊಂಡಿತ್ತು. ಬಣ್ಣ ಮಷೀನಿನದೇ ಬೂದು. ಆದರೆ ಮಷೀನಿನ ಪ್ಲಾಸ್ಟಿಕ್‌ಗೆ ಸಣ್ಣ ತರಿ ಇರುತ್ತದೆ, ಇದು ನುಣ್ಣಗೆ ಹೊಳೆಯುತ್ತಿತ್ತು. ಪಟ್ಟಿಯ ಕೆಳಮುಖದಲ್ಲಿ ಗುಂಡುಸೂಜಿಯ ತಲೆಯಷ್ಟು ಒಂದು ತೂತು. ಮೊಬೈಲ್ ಟಾರ್ಚ್ ಹಿಡಿದು ತಲೆ ಸ್ವಲ್ಪ ಆಚೀಚೆ ಮಾಡಿದಾಗ ತೂತಿನೊಳಗೆ ನೀಲಿ ಮಿಂಚು ಕಂಡಿತು. ಬರೀ ತೂತಾಗಿದ್ದರೆ ಒಳಗೆ ಕಪ್ಪಗೆ ಇರುತ್ತಿತ್ತು. ಮಿಂಚಿದ್ದು ಲೆನ್ಸ್.

ಬಾಗಿಲ ಬಳಿ ಇದ್ದ ಸೆಕ್ಯುರಿಟಿಯವರನ್ನು ಕರೆದು ತೋರಿಸಿದೆ. ‘ಅದು ಎರಡು ದಿನದಿಂದ ಇದೆ ಸಾರ್, ನಿಮ್ಮವರೇ ಬಂದು ಹಾಕಿದ್ದು ಅಂದ್ಕೊಂಡೆ’ ಅಂದರು. ಅವರನ್ನು ಬೈಯುವ ಮುಖ ನನಗಿರಲಿಲ್ಲ. ಅರ್ಧ ಗಂಟೆ ಅದರ ಕೆಳಗೇ ನಿಂತು ಕೆಲಸ ಮಾಡಿದ್ದು ನಾನು.

ಪಟ್ಟಿ ಮುಟ್ಟಲಿಲ್ಲ. ಬ್ಯಾಂಕಿನ ಕಂಟ್ರೋಲ್ ರೂಮಿಗೆ ಹೇಳಿ ಮಷೀನ್ ಬಂದ್ ಮಾಡಿಸಿದೆ. ಪೊಲೀಸರು ಬಂದ ಮೇಲೆ ಅವರ ಮುಂದೆಯೇ ತೆಗೆದೆವು. ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿದ್ದರು. ಒಳಗೆ ಉಗುರಿನಷ್ಟು ಕ್ಯಾಮೆರಾ ಬೋರ್ಡ್, ಮೆಮೊರಿ ಕಾರ್ಡ್, ಮೊಬೈಲಿನಲ್ಲಿರುವಂಥ ಚಪ್ಪಟೆ ಬ್ಯಾಟರಿ. ಕ್ಯಾಮೆರಾ ಇದೆ ಅಂದಮೇಲೆ ಸ್ಕಿಮ್ಮರ್ ಇರಲೇಬೇಕು. ಮಷೀನಿನ ಮುಂಭಾಗ ತೆರೆದು ಕಾರ್ಡ್ ರೀಡರ್ ಹೊರಗೆ ತೆಗೆದೆವು. ಕಾರ್ಡ್ ಹೋಗುವ ದಾರಿಯಲ್ಲೇ ಒಂದು ತೆಳುವಾದ ಲೋಹದ ತಗಡು ಒತ್ತಿಕೊಂಡು ಕೂತಿತ್ತು. ನನ್ನ ಕ್ಲೀನಿಂಗ್ ಕಾರ್ಡಿಗೆ ಬಿಗಿಯಾಗಿದ್ದು ಅದೇ. ಧೂಳಲ್ಲ.

ಇದು ಒಳಗೆ ತೂರಿಸುವ ಬಗೆಯ ಸ್ಕಿಮ್ಮರ್. ನಮ್ಮ ಕಾರ್ಡಿನ ದಪ್ಪವೇ 0.76 ಮಿ.ಮೀ. ಅದಕ್ಕಿಂತಲೂ ತೆಳುವಾಗಿ, 0.68 ಮಿ.ಮೀ. ಇರುವಂಥವೂ ಸಿಕ್ಕಿವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಎಳೆದು ನೋಡಲು ಹಿಡಿಯುವುದಕ್ಕೇ ಏನೂ ಸಿಗುವುದಿಲ್ಲ. ಬಾಯಿಯ ಮೇಲೆ ಟೋಪಿ ಹಾಕಿದಂತೆ ಅಂಟಿಸುವ ಹಳೆಯ ಬಗೆಯಾದರೆ ಎಳೆದ ತಕ್ಷಣ ಅಲ್ಲಾಡುತ್ತದೆ, ಕೆಲವು ಸಲ ಕೈಗೇ ಬರುತ್ತದೆ. ‘ಬಾಯಿ ಎಳೆದು ನೋಡಿ’ ಅಂತ ಎಲ್ಲರೂ ಹೇಳುವುದು ಆ ಬಗೆಗೆ. ಎಳೆದು ನೋಡುವುದು ತಪ್ಪಲ್ಲ, ನಾನೂ ಬಿಟ್ಟಿಲ್ಲ. ಅಲ್ಲಾಡಲಿಲ್ಲ ಅಂದರೆ ಏನೂ ಇಲ್ಲ ಅಂದುಕೊಂಡೆನಲ್ಲ, ಎಡವಿದ್ದು ಅಲ್ಲಿ.

ಆವತ್ತಿನಿಂದ ನಾನು ನೋಡುವ ಕ್ರಮವೇ ತಿರುಗಿತು. ಕಾರಣ ಸರಳ. ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯಲ್ಲಿ ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಇನ್ನಷ್ಟು ಗುರುತಿನ ಅಂಕಿಗಳು ಇರುತ್ತವೆ. ಪಿನ್ ಇರುವುದಿಲ್ಲ. ನಾವು ಚಿಪ್ ಬಳಸುತ್ತಿದ್ದರೂ ಕಾರ್ಡ್ ಒಳಗೆ ಹೋಗುವಾಗ ಆ ಪಟ್ಟಿ ಸ್ಕಿಮ್ಮರ್ ಮೇಲೆ ಸವರಿಕೊಂಡೇ ಹೋಗುತ್ತದೆ, ಅದನ್ನು ಇನ್ನೊಂದು ಕಾರ್ಡಿಗೆ ಬರೆಯಬಹುದು. ಆದರೆ ಆ ಕಾರ್ಡಿನಲ್ಲಿ ಎಟಿಎಂನಿಂದ ದುಡ್ಡು ತೆಗೆಯಲು ಪಿನ್ ಬೇಕು. ಅದಕ್ಕೇ ಕ್ಯಾಮೆರಾ. ಕಾರ್ಡ್ ಹೋದ ಹೊತ್ತಿಗೆ ವಿಡಿಯೊದಲ್ಲಿ ಯಾವ ಬೆರಳು ಎಲ್ಲಿ ಒತ್ತಿತು ಅಂತ ಹೊಂದಿಸಿಕೊಂಡರೆ ಅವರ ಕೆಲಸ ಆಯಿತು.

ಸ್ಕಿಮ್ಮರನ್ನು ಮಷೀನಿನ ಗಂಟಲೊಳಗೆ ಬಚ್ಚಿಡಬಹುದು. ಕ್ಯಾಮೆರಾವನ್ನು ಹಾಗೆ ಬಚ್ಚಿಡಲು ಆಗುವುದಿಲ್ಲ. ಅದಕ್ಕೆ ಕೀಪ್ಯಾಡ್ ಕಾಣಲೇಬೇಕು. ಕ್ಯಾಮೆರಾಕ್ಕೆ ಕೀಪ್ಯಾಡ್ ಕಾಣುತ್ತದೆ ಅಂದರೆ ಕೀಪ್ಯಾಡ್ ಇರುವ ಜಾಗದಿಂದ ಕ್ಯಾಮೆರಾವೂ ಕಾಣಬೇಕು, ಅಲ್ವಾ? ಹಾಗಾಗಿ ಮಷೀನಿನ ಮುಂದೆ ನಿಂತ ಕೂಡಲೇ ಕಾರ್ಡ್ ತೆಗೆಯುವುದಿಲ್ಲ. ಸ್ವಲ್ಪ ಬಗ್ಗಿ, ಕೆನ್ನೆಯನ್ನು ಕೀಪ್ಯಾಡಿನ ಹತ್ತಿರ ತಂದು, ಅಲ್ಲಿಂದ ಮೇಲಕ್ಕೂ ಅಕ್ಕಪಕ್ಕಕ್ಕೂ ನೋಡುತ್ತೇನೆ. ನೋಡುವವರಿಗೆ ಹುಚ್ಚನ ಹಾಗೆ ಕಾಣಬಹುದು. ಬಗ್ಗಲು ಆಗದವರು ಮೊಬೈಲನ್ನು ಕೀಪ್ಯಾಡ್ ಮೇಲೆ ಮಲಗಿಸಿ, ಸೆಲ್ಫಿ ಕ್ಯಾಮೆರಾ ಮೇಲ್ಮುಖ ಮಾಡಿ ಒಂದು ವಿಡಿಯೊ ತೆಗೆದರೂ ಸಾಕು.

ಅಲ್ಲಿಂದ ಕಾಣುವ ಜಾಗಗಳು ಹೆಚ್ಚೇನೂ ಇರುವುದಿಲ್ಲ. ಪರದೆಯ ಕೆಳ ಅಂಚು, ದೀಪದ ಕವರ್, ಕೀಪ್ಯಾಡಿನ ಮೇಲಿನ ಚಾವಣಿ, ಪಕ್ಕದ ಗೋಡೆಯಲ್ಲಿ ಕರಪತ್ರ ಇಡುವ ಪೆಟ್ಟಿಗೆ, ಹಿಂದೆ ಯಾರಿದ್ದಾರೆ ಅಂತ ನೋಡಿಕೊಳ್ಳಲು ಇಟ್ಟ ಸಣ್ಣ ಕನ್ನಡಿ. ಇವುಗಳಲ್ಲಿ ಯಾವುದಾದರೂ ಮಷೀನಿಗೆ ಸೇರದ ಹಾಗೆ ಕಾಣುತ್ತದಾ ಅಂತ ನೋಡುತ್ತೇನೆ. ಬಣ್ಣದಲ್ಲಿ ಒಂದೆಳೆ ವ್ಯತ್ಯಾಸ, ಅಂಚಿನಲ್ಲಿ ಅಂಟಿನ ಗೆರೆ, ಅರ್ಥವಿಲ್ಲದ ಜಾಗದಲ್ಲಿ ಒಂದು ತೂತು. ಪಕ್ಕದಲ್ಲಿ ಅದೇ ಮಾದರಿಯ ಮಷೀನ್ ಇದ್ದರೆ ಕೆಲಸ ಇನ್ನೂ ಸುಲಭ. ಕಳ್ಳರು ಎರಡಕ್ಕೂ ಒಂದೇ ಹೊತ್ತಿಗೆ ಹಾಕುವುದು ಕಡಿಮೆ. ನನ್ನನ್ನು ಉಳಿಸಿದ್ದೂ ಪಕ್ಕದ ಮಷೀನೇ.

ಒಂದು ಮಾತು ಹೇಳಲೇಬೇಕು. ಕಾರ್ಡಿನ ಬಾಯಿಗೆ ಹಸಿರು ಪ್ಲಾಸ್ಟಿಕ್ಕಿನ ಉಬ್ಬು ಇದ್ದು ಒಳಗೆ ದೀಪ ಮಿನುಗುತ್ತಿದ್ದರೆ ಜನ ಅದನ್ನೇ ಸ್ಕಿಮ್ಮರ್ ಅಂತ ಕೀಳಲು ನೋಡುತ್ತಾರೆ. ಅದು ಸ್ಕಿಮ್ಮರ್ ಅಂಟಿಸಲು ಕಷ್ಟವಾಗಲಿ ಅಂತ ಕಂಪನಿಯವರೇ ಹಾಕಿದ್ದು. ಹಾಗೆಯೇ ಕಾರ್ಡ್ ನಡುಗುತ್ತಾ, ನಿಂತು ನಿಂತು ಒಳಗೆ ಹೋದರೂ ಗಾಬರಿ ಬೇಡ. ಸ್ಕಿಮ್ಮರಿಗೆ ಪಟ್ಟಿ ನೆಟ್ಟಗೆ ಓದಲು ಸಿಗದಿರಲಿ ಅಂತ ಕೆಲವು ಮಷೀನಿನ ಮೋಟರೇ ಬೇಕಂತ ಹಾಗೆ ಎಳೆಯುತ್ತದೆ. ನಡುಕ ಬೇರೆ, ಬಿಗಿ ಬೇರೆ. ಏನೋ ಸವರಿದ ಹಾಗೆ, ಒತ್ತಿ ತಳ್ಳಬೇಕಾದ ಹಾಗೆ ಅನ್ನಿಸಿದರೆ ಆ ಮಷೀನ್ ಬಿಡುವುದು ಒಳ್ಳೆಯದು.

ಎಷ್ಟು ನೋಡಿದರೂ ಕ್ಯಾಮೆರಾ ತಪ್ಪಿಹೋಗಬಹುದು. ಅದಕ್ಕೇ ಪಿನ್ ಒತ್ತುವಾಗ ಇನ್ನೊಂದು ಕೈ ಬೇಕು. ಜಾಸ್ತಿ ಜನ ಕೈಯನ್ನು ಪಕ್ಕದಲ್ಲಿ ಗೋಡೆಯ ಹಾಗೆ ಹಿಡಿಯುತ್ತಾರೆ. ಹಿಂದೆ ನಿಂತವನಿಗೆ ಅದು ಅಡ್ಡ, ಮೇಲಿನ ಕ್ಯಾಮೆರಾಕ್ಕೆ ಅಲ್ಲ. ಅಂಗೈಯನ್ನು ಗುಂಡಿಗಳ ಮೇಲೆ ಸೂರಿನ ಹಾಗೆ, ಬೆರಳು ತಾಗುವಷ್ಟು ಹತ್ತಿರ ಹಿಡಿಯಬೇಕು. ಮೊದಲ ಅಂಕಿಗೆ ಮುಂಚೆಯೇ ಹಿಡಿದು, ಕೊನೆಯ ಗುಂಡಿ ಒತ್ತಿದ ಮೇಲೆ ತೆಗೆಯಬೇಕು. ಪರ್ಸ್ ಹಿಡಿದರೂ ನಡೆಯುತ್ತದೆ.

ಈ ಸೂರು ಕೆಲಸಕ್ಕೆ ಬಾರದ ಒಂದು ಸಂದರ್ಭ ಇದೆ. ನಿಜವಾದ ಕೀಪ್ಯಾಡಿನ ಮೇಲೆ ನಕಲಿ ಕೀಪ್ಯಾಡ್ ಕೂರಿಸಿದ್ದರೆ ಗುಂಡಿಯೇ ಪಿನ್ ಬರೆದುಕೊಳ್ಳುತ್ತದೆ, ಕ್ಯಾಮೆರಾ ಬೇಕಿಲ್ಲ. ಅದನ್ನು ಕೈಯಿಂದ ಹಿಡಿಯಬಹುದು. ಸಾಮಾನ್ಯವಾಗಿ ಕೀಪ್ಯಾಡ್ ಸುತ್ತಲಿನ ತಟ್ಟೆಯ ಮಟ್ಟಕ್ಕೆ ಕೂತಿರುತ್ತದೆ. ನಕಲಿಯದು ಒಂದೆರಡು ಮಿ.ಮೀ. ಎತ್ತರ ಇರುತ್ತದೆ, ಅಂಚಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಗುಂಡಿ ಒತ್ತಿದರೆ ಟಕ್ ಅನ್ನದೆ ಮೆತ್ತಗೆ ಹೋಗುತ್ತದೆ, ಒಂದೇ ಅಂಕಿಗೆ ಎರಡು ಸಲ ಒತ್ತಬೇಕಾಗುತ್ತದೆ.

ಅಂಗಡಿಯ ಸ್ವೈಪಿಂಗ್ ಮಷೀನಿಗೂ ಹೀಗೇ ಪೂರ್ತಿ ಮುಖವಾಡ ತೊಡಿಸುವುದುಂಟು. ಮಷೀನ್ ದಪ್ಪಗೆ ಕಂಡರೆ, ಗುಂಡಿಗಳು ಹಳ್ಳದಲ್ಲಿ ಕೂತ ಹಾಗಿದ್ದರೆ, ಚಿಪ್ ತೂರಿಸುವ ಜಾಗ ಮುಚ್ಚಿಹೋಗಿ ಪಟ್ಟಿ ಎಳೆಯುವುದೊಂದೇ ದಾರಿ ಆಗಿದ್ದರೆ ಕಾರ್ಡ್ ಕೊಡಬೇಡಿ. ಮಷೀನಿಗೆ ಸುಮ್ನೆ ಕಾರ್ಡ್ ತಾಗಿಸಿ ಹಣ ಕೊಡುವ ವ್ಯವಸ್ಥೆ ಇದ್ದರೆ ನಾನು ಅದನ್ನೇ ಬಳಸುತ್ತೇನೆ. ಅಲ್ಲಿ ಕಪ್ಪು ಪಟ್ಟಿ ಯಾವ ರೀಡರನ್ನೂ ಹಾದುಹೋಗುವುದಿಲ್ಲ.

ಮೊಬೈಲಿನ ಬ್ಲೂಟೂತ್ ಹಾಕಿ ಸ್ಕಿಮ್ಮರ್ ಹುಡುಕಬಹುದಾ ಅಂತ ಕೇಳುತ್ತಾರೆ. ಕದ್ದ ಅಂಕಿಗಳನ್ನು ದೂರದಿಂದ ಎಳೆದುಕೊಳ್ಳಲು ಕೆಲವರು ಅಗ್ಗದ ಬ್ಲೂಟೂತ್ ಬೋರ್ಡ್ ಹಾಕಿರುತ್ತಾರೆ. ಮೊಬೈಲ್ ತೋರಿಸುವ ಬ್ಲೂಟೂತ್ ಹೆಸರುಗಳಲ್ಲಿ HC-05 ಅಥವಾ HC-06 ಅಂತ ಕಂಡರೆ ಅನುಮಾನ ಪಡಬಹುದು. ಆದರೆ ನಮಗೆ ಸಿಕ್ಕ ತಗಡಿನಲ್ಲಿ ಬ್ಲೂಟೂತ್ ಇರಲೇ ಇಲ್ಲ. ಬರೀ ಮೆಮೊರಿ. ಅದನ್ನು ಹಾಕಿದವನೇ ಬಂದು ತೆಗೆದುಕೊಂಡು ಹೋಗಬೇಕಿತ್ತು.

ಅದಕ್ಕೇ ನಿಮಗೆ ಇಂಥದ್ದು ಸಿಕ್ಕಿದರೆ ಕೀಳಬೇಡಿ. ಅದರ ಯಜಮಾನ ಹತ್ತಿರದಲ್ಲೇ ಕಾಯುತ್ತಿರಬಹುದು. ಬೆರಳಚ್ಚೂ ಹಾಳಾಗುತ್ತದೆ. ಸುಮ್ನೆ ಹೊರಗೆ ಬಂದು, ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೋ ಪೊಲೀಸರಿಗೋ ಫೋನ್ ಮಾಡಿ. ಮಷೀನಿಗೆ ಅಂಟಿಸಿದ ಚೀಟಿಯಲ್ಲಿರುವ ಸಹಾಯವಾಣಿ ನಂಬರ್ ಬೇಡ, ಅದನ್ನೂ ಅವರೇ ಅಂಟಿಸಿರಬಹುದು.

ಕಾರ್ಡ್ ಹಾಕಿಬಿಟ್ಟ ಮೇಲೆ ಅನುಮಾನ ಬಂದರೆ ಕೆಲವರು ಅದೇ ಮಷೀನಿನಲ್ಲಿ ಪಿನ್ ಬದಲಿಸಲು ಹೋಗುತ್ತಾರೆ. ಹೊಸ ಪಿನ್ ಕೂಡ ಅದೇ ಕ್ಯಾಮೆರಾದ ಮುಂದೆ. ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ಆಮೇಲೆ ಬೇರೆ ಕಾರ್ಡ್ ಕೇಳಿ. ಆವತ್ತು ಸಂಜೆ ನಾನು ಹಾಕಿದ್ದು ಕಂಪನಿಯ ಟೆಸ್ಟ್ ಕಾರ್ಡ್. ಆದರೆ ಹಿಂದಿನ ವಾರ ಅದೇ ಮಷೀನಿನಲ್ಲಿ ನನ್ನ ಸ್ವಂತ ಕಾರ್ಡಿನಿಂದ ದುಡ್ಡು ತೆಗೆದಿದ್ದೆ. ಪಟ್ಟಿ ಅಂಟಿಸಿ ಎರಡೇ ದಿನ ಅಂತ ಸೆಕ್ಯುರಿಟಿಯವರು ಹೇಳಿದ್ದರೂ, ಮನೆಗೆ ಹೋಗುವ ದಾರಿಯಲ್ಲೇ ಫೋನ್ ಮಾಡಿ ಬ್ಲಾಕ್ ಮಾಡಿಸಿದೆ.